ಹನ್ನೊಂದು ಖಾಲಿ ಪುಟ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು 'ಹಳೇಮನೆ ಬಳಗ'. 43 ಜನ ಇದ್ದೇವೆ, ಮಾತಾಡುವವರು ಏಳೆಂಟು. ಉಳಿದವರು ಹುಟ್ಟುಹಬ್ಬದ ದಿನ ಕೇಕಿನ ಚಿತ್ರ ಹಾಕಿ ಮಾಯವಾಗುತ್ತಾರೆ. ಕಳೆದ ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು.

"ಎಚ್ಚರ!! ಪ್ರಿಂಟರ್ ಕಂಪನಿಗಳ ಹೊಸ ಲೂಟಿ. ಈಗ ಇಂಕ್ ಮಾರುವುದಿಲ್ಲ, ತಿಂಗಳಿಗೆ ಇಷ್ಟು ಹಾಳೆ ಅಂತ ಎಣಿಸುತ್ತಾರೆ. ಒಂದು ಚುಕ್ಕಿ ಬಿದ್ದರೂ ಒಂದು ಪುಟ. ಉಳಿದ ಪುಟ ಕಂಪನಿ ನುಂಗುತ್ತದೆ. ದುಡ್ಡು ನಿಲ್ಲಿಸಿದರೆ ಇಂಕ್ ಇದ್ದರೂ ಪ್ರಿಂಟ್ ಬರುವುದಿಲ್ಲ. ಹತ್ತು ಜನರಿಗೆ ಕಳಿಸಿ."

ಕೆಳಗೆ ಅವರದೇ ಒಂದು ಸಾಲು: "ಆಸೆ ಅತಿಯಾದರೆ ಹೀಗೇ. ನಮ್ಮ ಕಾಲದಲ್ಲಿ ಮಸಿ ಕುಡಿಕೆಗೆ ನಾಲ್ಕಾಣೆ ಕೊಟ್ಟರೆ ವರ್ಷ ಬರುತ್ತಿತ್ತು."

ದೊಡ್ಡಪ್ಪನ ಹತ್ತಿರ ಪ್ರಿಂಟರ್ ಇಲ್ಲ. ಏನು ಬೇಕಾದರೂ ಶಿರಸಿಗೆ ಬಂದು ನನ್ನ ಝೆರಾಕ್ಸ್ ಅಂಗಡಿಯಲ್ಲೇ ತೆಗೆಸುತ್ತಾರೆ. ದುಡ್ಡು ಕೊಡುವುದು ಬೇರೆ ವಿಷಯ.

ಐದು ನಿಮಿಷದೊಳಗೆ ಕಾರವಾರದಿಂದ ಭಾವ ಬಂದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಈ ಗುಂಪೇ ಆಡಿಟ್.

"ಮಾವಾ, ಯಾವ ಕಂಪನಿ? ಯಾವ ದೇಶ? ಮೂಲ ಎಲ್ಲಿ?"

"ಅಷ್ಟೆಲ್ಲ ವಿಚಾರಿಸಿದರೆ ಎಚ್ಚರಿಕೆ ಕೊಡುವುದು ಯಾವಾಗ?" ಅಂದರು ದೊಡ್ಡಪ್ಪ.

"ಹೋದ ಸಲ ನಿಂಬೆಹಣ್ಣಿನ ವಿಷಯದಲ್ಲೂ ಹೀಗೇ ಅಂದಿದ್ದಿರಿ."

ಭಾವ ಅಲ್ಲಿಗೆ ಬಿಡಲಿಲ್ಲ. "ಮೊದಲ ಸಾಲಲ್ಲಿ ಹಾಳೆ ಅಂದಿದೆ, ಎರಡನೇ ಸಾಲಲ್ಲಿ ಪುಟ. ಎರಡೂ ಒಂದೇನಾ? ಒಂದು ಹಾಳೆಗೆ ಎರಡು ಪುಟ. ಬರೆದವನಿಗೆ ಲೆಕ್ಕವೇ ಗೊತ್ತಿಲ್ಲ."

ನಿಜ ಹೇಳಬೇಕೆಂದರೆ ಇಡೀ ವಿಷಯದ ಗಂಟು ಇರುವುದು ಅಲ್ಲೇ. ನನ್ನ ಅಂಗಡಿಯಲ್ಲಿ ದಿನಕ್ಕೆ ಒಂದು ಜಗಳವಾದರೂ ಇದೇ ಕಾರಣಕ್ಕೆ ಆಗುತ್ತದೆ. ಎರಡೂ ಮಗ್ಗುಲು ತೆಗೆದುಕೊಟ್ಟರೆ "ಹಾಳೆ ಒಂದೇ ಅಲ್ವಾ?" ಅನ್ನುತ್ತಾರೆ. ಮಷಿನ್ನಿನ ಮೀಟರ್ ಎಣಿಸುವುದು ಹಾಳೆಯನ್ನಲ್ಲ, ಮಗ್ಗುಲನ್ನು. ಇದನ್ನು ಗುಂಪಲ್ಲಿ ಬರೆಯೋಣ ಅಂದುಕೊಳ್ಳುವಷ್ಟರಲ್ಲಿ ಯಲ್ಲಾಪುರದ ಗಣಪಣ್ಣ ಹಾಳೆ ಅನ್ನುವ ಒಂದು ಶಬ್ದ ಹಿಡಿದುಕೊಂಡು ತೋಟಕ್ಕೆ ಹೋಗಿಬಿಟ್ಟಿದ್ದ.

"ಹಾಳೆ ಅಂದಕೂಡಲೇ ನೆನಪಾಯ್ತು. ಅಡಿಕೆ ಹಾಳೆ ಮೇಲೆ ಕೂರಿಸಿಕೊಂಡು ಅಂಗಳದಲ್ಲಿ ಎಳೀತಿದ್ವಲ್ಲ! ವೀಣಾ ಬಿದ್ದು ಹಲ್ಲು ಮುರಿದುಕೊಂಡಿದ್ದು ಯಾರಿಗೆ ನೆನಪಿದೆ?"

ಒಂಬತ್ತು ಜನರಿಗೆ ನೆನಪಿತ್ತು. ಪ್ರಿಂಟರ್ ಮರೆತೇಹೋಯಿತು. ಎಳೆದದ್ದು ಯಾರು, ಹೊಡೆತ ತಿಂದದ್ದು ಯಾರು ಅಂತ ಅರ್ಧ ಗಂಟೆ ನಡೆಯಿತು. ಹೊಡೆತ ತಿಂದದ್ದು ನಾನು.

ಮತ್ತೆ ದಾರಿಗೆ ತಂದದ್ದು ಅದೇ ವೀಣಕ್ಕ. ಚಿಕ್ಕಪ್ಪನ ಮಗಳು, ನ್ಯೂಜೆರ್ಸಿಯಲ್ಲಿದ್ದಾಳೆ.

"ಹಲ್ಲಿನ ವಿಷಯ ಸಾಕು. ದೊಡ್ಡಪ್ಪ ಹಾಕಿದ್ದು ಪೂರ್ತಿ ಸುಳ್ಳಲ್ಲ. ನನ್ನ ಹತ್ರ ಅದೇ ತರ ಪ್ಲಾನ್ ಇದೆ. ತಿಂಗಳಿಗೆ 50 ಪುಟ. ಇಂಕ್ ಮುಗಿಯೋಕೆ ಬಂದರೆ ಪ್ರಿಂಟರ್ರೇ ಕಂಪನಿಗೆ ತಿಳಿಸುತ್ತೆ, ಅವರು ಕಾರ್ಟ್ರಿಜ್ ಮನೆಗೆ ಕಳಿಸ್ತಾರೆ. ಕಾರ್ಟ್ರಿಜ್‌ಗೆ ಬೇರೆ ದುಡ್ಡಿಲ್ಲ. ದುಡ್ಡು ಪುಟಕ್ಕೆ ಮಾತ್ರ."

"ನೋಡಿದಿರಾ!" ಅಂದರು ದೊಡ್ಡಪ್ಪ.

"ಮೊದಲು ಪುಟ ಅಂದರೆ ಏನು ಅಂತ ಹೇಳು ವೀಣಾ," ಅಂದರು ಭಾವ. "ಕಾರ್ಟ್ರಿಜ್ ಡಬ್ಬಿ ಮೇಲೆ ಇಷ್ಟು ಪುಟ ಬರುತ್ತೆ ಅಂತ ಹಾಕಿರ್ತಾರಲ್ಲ, ಅದನ್ನ ಅಳೆಯೋಕೆ ಐಎಸ್ಒ ಗೊತ್ತು ಮಾಡಿದ ಮಾದರಿ ಪುಟಗಳಿವೆ. ಅದು ಇಂಕಿನ ಅಳತೆ. ನಿಂದು?"

"ನಂದರಲ್ಲಿ ಇಂಕಿಗೆ ಲೆಕ್ಕವೇ ಇಲ್ಲ ಭಾವ. ಒಂದು ಮಗ್ಗುಲಿಗೆ ಸ್ವಲ್ಪ ಇಂಕ್ ಬಿದ್ದರೂ ಒಂದು ಪುಟ. 'ಓಂ' ಅಂತ ಒಂದು ಅಕ್ಷರ ಇದ್ದರೂ ಒಂದೇ, ಹಳೇಮನೆ ಫೋಟೋ ಪೂರ್ತಿ ಕಲರ್‌ನಲ್ಲಿ ತೆಗೆದರೂ ಒಂದೇ. ಮಕ್ಕಳ ಫೋಟೋ ತೆಗೆಯೋರಿಗೆ ಲಾಭ. ಬರೀ ಅಡ್ರೆಸ್ ಚೀಟಿ ತೆಗೆಯೋರಿಗೆ ನಷ್ಟ."

ಉಳಿದ ಪುಟದ ವಿಷಯವನ್ನೂ ಅವಳೇ ಬಿಡಿಸಿ ಬರೆದಳು. ಖರ್ಚಾಗದ ಪುಟ ಮುಂದಿನ ತಿಂಗಳಿಗೆ ಹೋಗುತ್ತದೆ. ಆದರೆ ಕೂಡಿಡಲು ಮಿತಿ ಇದೆ. ಅವಳ ಪ್ಲಾನಿನಲ್ಲಿ ಮೂರು ತಿಂಗಳ ಪಾಲು, ಅಂದರೆ 150. ಹಿಂದಿನ ವರ್ಷ ನಾಲ್ಕು ತಿಂಗಳು ಊರಿಗೆ ಬಂದಿದ್ದಳಲ್ಲ, ಪ್ರಿಂಟರ್ ಸುಮ್ನೆ ಕೂತಿತ್ತು. ಮೂರು ತಿಂಗಳಿಗೆ 150 ತುಂಬಿತು. ನಾಲ್ಕನೇ ತಿಂಗಳ 50ಕ್ಕೆ ದುಡ್ಡು ಹೋಯಿತು, ಪುಟ ಬರಲಿಲ್ಲ. ನಮ್ಮ ಕಣಜದ ಹಾಗೆ, ತುಂಬಿದ ಮೇಲೆ ಸುರಿದದ್ದು ಹೊರಗೆ. ಪ್ಲಾನ್ ನಿಲ್ಲಿಸಿದರೆ ಕೂಡಿಟ್ಟದ್ದೂ ಹೋಗುತ್ತದೆ. ಅವಳ ಮೈದುನ ಹಾಗೆ ನಿಲ್ಲಿಸಿದ. ಆ ಬಿಲ್ಲಿನ ತಿಂಗಳು ಮುಗಿದ ಮರುದಿನ ಪ್ರಿಂಟರ್ ಆ ಕಾರ್ಟ್ರಿಜ್ ಒಪ್ಪಲಿಲ್ಲ. ಒಳಗೆ ಅರ್ಧಕ್ಕಿಂತ ಜಾಸ್ತಿ ಇಂಕ್ ಇತ್ತಂತೆ. ಆ ಪ್ರಿಂಟರ್‌ಗೆ ನೆಟ್ ಇರಲೇಬೇಕು, ಲೆಕ್ಕ ಹೋಗುವುದು ಅದರ ಮೂಲಕವೇ.

ಇಷ್ಟಾದ ಮೇಲೆ ಭಾವ ಸುಮ್ಮನಾಗಬಹುದಿತ್ತು. "ಹಾಗಾದರೆ 'ನುಂಗುತ್ತದೆ' ಅನ್ನೋದು ಅರ್ಧ ಸತ್ಯ" ಅಂತ ಬರೆದರು. ದೊಡ್ಡಪ್ಪ "ಅರ್ಧ ನುಂಗಿದರೂ ನುಂಗಿದ್ದೇ" ಅಂದರು. ಇದಕ್ಕೆ ಹನ್ನೆರಡು ಹೆಬ್ಬೆಟ್ಟು ಬಂತು.

ಆಗ ವೀಣಕ್ಕ ಮೆಲ್ಲಗೆ ಒಂದು ಬಿಲ್ಲಿನ ಚಿತ್ರ ಹಾಕಿದಳು.

"ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಈ ತಿಂಗಳು ನನಗೆ ಹೆಚ್ಚಿಗೆ ಬಿಲ್ ಬಂದದ್ದು ನಿಮ್ಮ ವಂಶಾವಳಿಯಿಂದ."

ವಂಶಾವಳಿ ದೊಡ್ಡಪ್ಪನ ಆರು ವರ್ಷದ ತಪಸ್ಸು. 64 ಪುಟ. ಅದರ ಪಿಡಿಎಫ್ ಎಲ್ಲರಿಗೂ ಕಳಿಸಿದ್ದರು. ವೀಣಕ್ಕ ತನಗೊಂದು, ಅಣ್ಣನಿಗೊಂದು ಅಂತ ಎರಡು ಪ್ರತಿ ತೆಗೆದಳು. ಎರಡೂ ಮಗ್ಗುಲು ತೆಗೆದರೆ 64 ಹಾಳೆ, ಪುಟ ಉಳಿಯಿತು ಅಂದುಕೊಂಡಳು. ಉಳಿದದ್ದು ಕಾಗದ ಮಾತ್ರ. ಪ್ಲಾನ್ ಎಣಿಸಿದ್ದು 128. ಅದಕ್ಕೂ ಮೊದಲು ಮಗನ ಶಾಲೆಗೆ ಅಂತ 6 ತೆಗೆದಿದ್ದಳು. ಒಟ್ಟು 134. ಅವಳ ಹತ್ತಿರ ಇದ್ದದ್ದು ತಿಂಗಳ 50, ಹಿಂದಿನದು 62, ಕೂಡಿ 112. ಹೆಚ್ಚಾದದ್ದು 22. ಹೆಚ್ಚಿನ ಪುಟ ಬಿಡಿಯಾಗಿ ಕೊಡುವುದಿಲ್ಲ, ಹತ್ತರ ಕಟ್ಟು. 22ಕ್ಕೆ ಮೂರು ಕಟ್ಟು. ಕಟ್ಟಿಗೆ ಒಂದೂವರೆ ಡಾಲರ್, ನಮ್ಮ ಲೆಕ್ಕದಲ್ಲಿ ಒಟ್ಟು ನಾನೂರು ರೂಪಾಯಿ ಹತ್ತಿರ.

"ಎರಡು ಪ್ರತಿ ತೆಗೆದದ್ದು ನಿನ್ನ ತಪ್ಪು," ಅಂದರು ದೊಡ್ಡಪ್ಪ.

"ಅದಲ್ಲ ದೊಡ್ಡಪ್ಪ. ಪುಸ್ತಕದಲ್ಲಿ 11 ಪುಟ ಖಾಲಿ ಇದೆ. ಎರಡು ಪ್ರತಿಗೆ 22. ಸರಿಯಾಗಿ ಅಷ್ಟೇ ಹೆಚ್ಚಾಗಿದೆ."

ಇಲ್ಲಿ ನನಗೆ ಬೆವರು ಬಂತು. ಆ ಪುಸ್ತಕದ ಲೇಔಟ್ ಮಾಡಿದ್ದು ನಾನು. ಪ್ರತಿ ಕವಲಿನ ಅಧ್ಯಾಯ ಬಲಗಡೆ ಪುಟದಲ್ಲೇ ಶುರುವಾಗಬೇಕು ಅಂತ ದೊಡ್ಡಪ್ಪ ಹಟ ಹಿಡಿದಿದ್ದರು. ಹಿಂದಿನ ಅಧ್ಯಾಯವೂ ಬಲಗಡೆಗೇ ಮುಗಿದರೆ ಅದರ ಬೆನ್ನಿನ ಪುಟ ಖಾಲಿ ಬಿಡಬೇಕು. ಅಂಥವು 11. ಪೂರ್ತಿ ಬಿಳಿ ಬಿಟ್ಟಿದ್ದರೆ ವೀಣಕ್ಕನ ಪ್ಲಾನಿನಲ್ಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ, ಇಂಕ್ ಬೀಳದ ಮಗ್ಗುಲು ಅವರಿಗೆ ಪುಟವಲ್ಲ. ನಾನು ಎಲ್ಲ ಪುಟಕ್ಕೂ ಒಟ್ಟಿಗೆ ತೆಳು ಬಾರ್ಡರ್ ಮತ್ತು ಪುಟಸಂಖ್ಯೆ ಹಾಕಿದ್ದೆ. ಖಾಲಿ ಪುಟದ ಕೆಳಗೂ ಪುಟ್ಟದಾಗಿ 14, 22 ಅಂತ ಕೂತಿತ್ತು. ಫಾರ್ವರ್ಡಿನ 'ಒಂದು ಚುಕ್ಕಿ' ಅದೇ.

ಒಪ್ಪಿಕೊಂಡೆ. ಜೊತೆಗೆ ವೀಣಕ್ಕನಿಗೆ ಬರೆದೆ: "ಇನ್ನು ಮುಂದೆ ತೆಗೆಯುವಾಗ ಒಂದು ಮಗ್ಗುಲಿಗೆ ಎರಡು ಪುಟ ಕೂರಿಸು. ಪ್ರಿಂಟ್ ಕೊಡುವಾಗ ಆ ಆಯ್ಕೆ ಬರುತ್ತದೆ. ಅಕ್ಷರ ಸಣ್ಣ ಆಗುತ್ತದೆ, ಓದಲು ತೊಂದರೆ ಇಲ್ಲ. 64 ಪುಟಕ್ಕೆ 32 ಮಾತ್ರ ಎಣಿಸುತ್ತದೆ. ಪ್ಲಾನಿಗೆ ಪಿಡಿಎಫಿನ ಪುಟ ಗೊತ್ತಾಗುವುದಿಲ್ಲ, ಪ್ರಿಂಟರಿನಿಂದ ಹೊರಬಂದ ಮಗ್ಗುಲು ಮಾತ್ರ ಗೊತ್ತು."

"ಇದು ಸರಿಯಾದ ಮೂಲ," ಅಂದರು ಭಾವ. ಅವರಿಂದ ನನಗೆ ಸಿಕ್ಕ ಮೊದಲ ಶಹಬ್ಬಾಸು.

ದೊಡ್ಡಪ್ಪ ಮಾತಾಡಲಿಲ್ಲ. 'ಟೈಪಿಂಗ್' ಅಂತ ಬರುವುದು, ಹೋಗುವುದು. ಅಷ್ಟರಲ್ಲಿ ಕುಸುಮತ್ತೆ ಬಂದರು. ದೊಡ್ಡಪ್ಪನ ತಂಗಿ. ಅವರು ಗುಂಪಲ್ಲಿ ಬರೀ ಶುಭೋದಯದ ಹೂವು ಹಾಕುವವರು. ಒಂದೂವರೆ ವರ್ಷದಲ್ಲಿ ಪೂರ್ತಿ ವಾಕ್ಯ ಬರೆದದ್ದು ನಾನು ನೋಡಿರಲಿಲ್ಲ.

"ಅಣ್ಣಾ, 11 ಪುಟ ಖಾಲಿ ಇತ್ತಾ?"

ಎರಡು ನಿಮಿಷ ಬಿಟ್ಟು ಇನ್ನೊಂದು.

"ನನ್ನ ಮಕ್ಕಳ ಹೆಸರು ಯಾಕಿಲ್ಲ ಅಂತ ಕೇಳಿದ್ದಕ್ಕೆ ಜಾಗ ಇಲ್ಲ ಅಂದಿದ್ದೆ."

ಆ ಪುಸ್ತಕದಲ್ಲಿ ಗಂಡುಮಕ್ಕಳ ಕವಲು ಮೊಮ್ಮಕ್ಕಳವರೆಗೆ ಇದೆ. ಹೆಣ್ಣುಮಕ್ಕಳ ಹೆಸರಿನ ಮುಂದೆ 'ವಿವಾಹಿತೆ' ಅಂತ ಒಂದು ಶಬ್ದ, ಅಲ್ಲಿಗೆ ಮುಗಿಯಿತು. ಟೈಪ್ ಮಾಡುವಾಗ ನನಗೂ ಕಂಡಿತ್ತು. ಕೇಳಲಿಲ್ಲ.

ವೀಣಕ್ಕ, "ನನ್ನ ಮುಂದೂ ಅದೇ ಒಂದು ಶಬ್ದ ಅತ್ತೆ. ಅದಕ್ಕೂ ನಾನೇ ದುಡ್ಡು ಕೊಟ್ಟೆ" ಅಂದಳು. ಗಣಪಣ್ಣ ಹಳೇಮನೆಯ ಜಗುಲಿಯ ಫೋಟೋ ಹಾಕಿ ಮಾತು ಬದಲಿಸಲು ನೋಡಿದ. ಯಾರೂ ಹೆಬ್ಬೆಟ್ಟು ಒತ್ತಲಿಲ್ಲ.

ದೊಡ್ಡಪ್ಪ ಫಾರ್ವರ್ಡ್ ಅಳಿಸಿಹಾಕಿದರು. ಯಾಕೆ ಅಂತ ಭಾವ ಕೇಳಿದರು, ಉತ್ತರ ಬರಲಿಲ್ಲ.

ಮಂಗಳವಾರ ದೊಡ್ಡಪ್ಪ ಅಂಗಡಿಗೆ ಬಂದರು. ಛತ್ರಿ ಮೂಲೆಗಿಟ್ಟು, ಜೇಬಿನಿಂದ ನೋಟ್‌ಬುಕ್ಕಿನ ಹಾಳೆ ತೆಗೆದರು. ಎರಡೂ ಮಗ್ಗುಲು ತುಂಬಿತ್ತು. ಕುಸುಮತ್ತೆಯ ಮೂರು ಮಕ್ಕಳು, ಅವರ ಮಕ್ಕಳು, ವೀಣಕ್ಕನ ಇಬ್ಬರು, ಹೀಗೆ 27 ಹೆಸರು. ಒಂದೆರಡು ಕಡೆ ಹುಟ್ಟಿದ ಇಸವಿ ಬಿಟ್ಟಿದ್ದರು.

"ಹನ್ನೊಂದರಲ್ಲಿ ಹಿಡಿಸುತ್ತಾ ನೋಡು" ಅಂದರು.

"ಹಿಡಿಸುತ್ತೆ. ಆದರೆ ಕವಲಿನ ಕ್ರಮ ತಪ್ಪುತ್ತೆ ದೊಡ್ಡಪ್ಪ. ಖಾಲಿ ಇರೋ ಜಾಗ ಅವರವರ ಕವಲಿನ ಪಕ್ಕ ಇಲ್ಲ."

"ತಪ್ಪಲಿ."

ಗುಂಪಲ್ಲಿ ಈ ವಿಷಯ ಹಾಕಿದೆ. ಮೊದಲು ಉತ್ತರ ಬಂದದ್ದು ನ್ಯೂಜೆರ್ಸಿಯಿಂದ: "ಹೊಸ ಪಿಡಿಎಫ್ 17ನೇ ತಾರೀಕಿನ ಮೇಲೆ ಕಳಿಸು ತಮಾ. ಅವತ್ತು ನನಗೆ ಹೊಸ 50 ಬರುತ್ತೆ."