ಹಳೆ ಪೇಪರ್ ಪ್ರಶ್ನೋತ್ತರ: ಬಲದಿಂದ ಮೂರನೆಯದು 1, ಸ್ಟೇಟ್ ಎಷ್ಟು?

ಶಹಾಪುರದಿಂದ: ಮೇಡಂ, 0 ಮತ್ತು 1ರ ಸ್ಟ್ರಿಂಗ್‌ನಲ್ಲಿ ಬಲದಿಂದ ಮೂರನೆಯದು 1 ಇದ್ದರೆ ಒಪ್ಪಬೇಕು. ಡಿಎಫ್‌ಎಗೆ ಕಡಿಮೆ ಅಂದರೆ ಎಷ್ಟು ಸ್ಟೇಟ್ ಬೇಕು? ನಾನು 4ರಲ್ಲಿ ಮಾಡಿದೆ. q0ದಲ್ಲಿ 0 ಬಂದರೆ ಅಲ್ಲೇ, 1 ಬಂದರೆ q1. ಅಲ್ಲಿಂದ ಏನೇ ಬಂದರೂ q2, ಮತ್ತೆ ಏನೇ ಬಂದರೂ q3. q3 ಫೈನಲ್. ಅಲ್ಲಿಂದ 0ಗೆ q0, 1ಗೆ q1. ಮೂರು ಅಕ್ಷರದ ಎಂಟೂ ಸ್ಟ್ರಿಂಗ್ ಹಾಕಿ ನೋಡಿದೆ, ಎಲ್ಲಾ ಸರಿ ಬಂತು. ಕೀ ಆನ್ಸರ್ 8 ಅಂತಿದೆ. ಕೀ ತಪ್ಪಾ ಮೇಡಂ?

ಮೇಡಂ, ಕಲಬುರಗಿ: ಕೀ ಸರಿ ಇದೆ. ಆದರೆ ನೀವು ಚಿತ್ರ ಬರೆದು, ಪರೀಕ್ಷೆ ಮಾಡಿ ಕೇಳಿದ್ದೀರಿ. ಹಾಗಾಗಿ ಎಲ್ಲಿ ತಪ್ಪಿತು ಅಂತ ಪೂರ್ತಿ ಹೇಳುತ್ತೇನೆ.

1100 ಹಾಕಿ ನೋಡಿ. ಬಲದಿಂದ ಎಣಿಸಿದರೆ 0, 0, 1. ಮೂರನೆಯದು 1, ಅಂದರೆ ಒಪ್ಪಬೇಕು. ನಿಮ್ಮ ಯಂತ್ರ q1, q2, q3 ದಾಟಿ ಕೊನೆಯ 0ಗೆ q0ಗೆ ಹೋಗಿ ನಿಲ್ಲುತ್ತದೆ. ಒಪ್ಪಲಿಲ್ಲ.

ಕಾರಣ ಇಷ್ಟೇ. ಮೊದಲ 1 ಕಂಡ ಕೂಡಲೇ ನೀವು ಅದನ್ನು ಎಣಿಸಲು ಶುರು ಮಾಡಿದಿರಿ. ನಡುವೆ ಎರಡನೆಯ 1 ಬಂತು. q1ದಿಂದ 0 ಬಂದರೂ 1 ಬಂದರೂ q2 ಅಂದಾಗ ಆ 1 ಮರೆತೇ ಹೋಯಿತು. ಮೂರು ಅಕ್ಷರದ ಸ್ಟ್ರಿಂಗ್‌ನಲ್ಲಿ ಈ ಮರೆವು ಹೊರಗೆ ಬೀಳುವುದೇ ಇಲ್ಲ. ಅಲ್ಲಿ ಬಲದಿಂದ ಮೂರನೆಯದು ಅಂದರೆ ಮೊದಲನೆಯದೇ ಅಲ್ವಾ? ನಾಲ್ಕು ಅಕ್ಷರದ 16ರಲ್ಲಿ ನಿಮ್ಮದು 12ಕ್ಕೆ ಸರಿ ಹೇಳುತ್ತದೆ. 11ರಿಂದ ಶುರುವಾಗುವ ನಾಲ್ಕಕ್ಕೂ ತಪ್ಪು. ಅದಕ್ಕೇ ಪ್ರಶ್ನೆಯಲ್ಲಿ ಮೂರು ಅಂತಿದ್ದರೆ ಆರು ಅಕ್ಷರದ ತನಕ ಪರೀಕ್ಷೆ ಮಾಡಿ. ಕೈಯಲ್ಲಿ ಕಷ್ಟ ಅಂದರೆ ಇದನ್ನು ಓಡಿಸಿ:

```python
from itertools import product
d = [(0,1),(2,2),(3,3),(0,1)]
for n in range(7):
    for w in product((0,1), repeat=n):
        s = 0
        for c in w: s = d[s][c]
        if (s == 3) != (n >= 3 and w[-3] == 1):
            print(w)
```

ಇದು ತಪ್ಪಿದ ಸ್ಟ್ರಿಂಗ್‌ಗಳನ್ನು ಮಾತ್ರ ತೋರಿಸುತ್ತದೆ. ಮೊದಲು ಬರುವುದೇ (1, 1, 0, 0).

ಭಾಲ್ಕಿಯಿಂದ: ನಮ್ಮ ಗ್ರೂಪಿಗೆ ಬಂದ ಫಾರ್ವರ್ಡ್ ನೋಡಿರಿ: "k ನೆಯ ಅಕ್ಷರ ಕೇಳಿದರೆ k+1 ಸ್ಟೇಟ್, ಮೂರು ಸೆಕೆಂಡಿನಲ್ಲಿ ಉತ್ತರ." ಇದರ ಪ್ರಕಾರ 4 ಸರಿ.

ಮೇಡಂ, ಕಲಬುರಗಿ: ದಯವಿಟ್ಟು ಇದನ್ನು ಇನ್ನು ಹಂಚಬೇಡಿ. ಆ ಲೆಕ್ಕ ಎನ್‌ಎಫ್‌ಎಗೆ. ಅಲ್ಲಿ q0ದಲ್ಲಿ 1 ಬಂದಾಗ ಅಲ್ಲೇ ಉಳಿಯಲೂಬಹುದು, ಮುಂದೆ ಹೋಗಲೂಬಹುದು. ಡಿಎಫ್‌ಎಯಲ್ಲಿ ಒಂದೇ ದಾರಿ. ಫಾರ್ವರ್ಡ್ ಬರೆದವರು ಆ ಒಂದು ಪದವನ್ನೇ ಬಿಟ್ಟಿದ್ದಾರೆ. ಪೇಪರ್‌ನಲ್ಲಿ 4, 8 ಎರಡೂ ಆಯ್ಕೆ ಇಟ್ಟಿರುತ್ತಾರೆ. ಸೀದಾ ಹೋಗಿ ಬೀಳುತ್ತೀರಿ.

ಚಿತ್ತಾಪುರದಿಂದ: ನನಗೆ 5 ಬಂತಲ್ಲ ಅಕ್ಕಾ. ಮೂರು ಅಕ್ಷರಕ್ಕೆ ಮೂರು, ಒಂದು ಫೈನಲ್, ಒಂದು ಡೆಡ್ ಸ್ಟೇಟ್.

ಮೇಡಂ, ಕಲಬುರಗಿ: ಅದು ಎಡದಿಂದ ಮೂರನೆಯದಕ್ಕೆ. ಪ್ರಶ್ನೆ ಮತ್ತೊಮ್ಮೆ ಓದಿ.

ಶಹಾಪುರದಿಂದ: 4 ಸಾಲದು ಅಂತ ತಿಳಿಯಿತು ಮೇಡಂ. ಆದರೆ 8ಕ್ಕಿಂತ ಕಡಿಮೆ ಆಗುವುದೇ ಇಲ್ಲ ಅಂತ ಹೇಗೆ ಗೊತ್ತಾಗುತ್ತದೆ? 6ರಲ್ಲಿ ಯಾರಾದರೂ ಮಾಡಿಬಿಟ್ಟರೆ?

ಮೇಡಂ, ಕಲಬುರಗಿ: ಕೇಳಬೇಕಾದ ಪ್ರಶ್ನೆ ಇದೇ. ಮೊದಲು ಚಿಕ್ಕದು ಮಾಡಿ. ಬಲದಿಂದ ಎರಡನೆಯದು 1 ಅಂದುಕೊಳ್ಳಿ. ಯಂತ್ರ ಕೊನೆಯ ಎರಡು ಅಕ್ಷರ ನೆನಪಿಟ್ಟರೆ ಸಾಕು: 00, 01, 10, 11. ನಾಲ್ಕು ಸ್ಟೇಟ್. ಶುರು 00ದಲ್ಲಿ. ಹೊಸ ಅಕ್ಷರ ಬಂದಾಗ ಹಳೆಯದು ಒಂದು ಎಡಕ್ಕೆ ಬಿದ್ದು ಹೋಗುತ್ತದೆ, 01ಕ್ಕೆ 0 ಬಂದರೆ 10. ಫೈನಲ್ ಯಾವುವು? 10 ಮತ್ತು 11.

ಇವುಗಳಲ್ಲಿ ಎರಡನ್ನು ಸೇರಿಸಿ ಒಂದು ಮಾಡಬಹುದಾ ನೋಡಿ. 10, 11 ಎರಡೂ ಫೈನಲ್, ಸೇರಿಸೋಣ ಅನಿಸುತ್ತದೆ. ಎರಡಕ್ಕೂ ಒಂದು 0 ಹಚ್ಚಿ. 100ರಲ್ಲಿ ಬಲದಿಂದ ಎರಡನೆಯದು 0, 110ರಲ್ಲಿ 1. ಒಂದನ್ನು ಬಿಡಬೇಕು, ಇನ್ನೊಂದನ್ನು ಒಪ್ಪಬೇಕು. ಒಂದೇ ಸ್ಟೇಟಿನಲ್ಲಿ ಇದ್ದಿದ್ದರೆ ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. 00, 01ಕ್ಕೂ ಒಂದು 0 ಹಚ್ಚಿದರೆ ಹೀಗೇ ಬೇರೆ ಆಗುತ್ತವೆ.

ಈಗ ಮೂರಕ್ಕೆ ಬನ್ನಿ. ಮೂರು ಅಕ್ಷರದ ಎಂಟು ಸ್ಟ್ರಿಂಗ್‌ಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಎಲ್ಲೋ ಒಂದು ಜಾಗದಲ್ಲಿ ಬೇರೆ ಇರುತ್ತವೆ. ಆ ಜಾಗ ಬಲದಿಂದ ಮೂರನೆಯದು ಆಗುವಷ್ಟು 0 ಹಚ್ಚಿ. 010, 011 ಕೊನೆಯಲ್ಲಿ ಬೇರೆ ಇವೆ, ಎರಡು 0 ಹಚ್ಚಿದರೆ 01000 ಮತ್ತು 01100. ಮೊದಲನೆಯದು ಬಿಡಬೇಕು, ಎರಡನೆಯದು ಒಪ್ಪಬೇಕು. ಹಾಗಾಗಿ ಎಂಟೂ ಬೇರೆ ಬೇರೆ ಸ್ಟೇಟಿನಲ್ಲೇ ಇರಬೇಕು. 6ರಲ್ಲಿ ಯಾರಿಂದಲೂ ಆಗುವುದಿಲ್ಲ. ಚಿಕ್ಕ ಉದಾಹರಣೆಗಳಿಂದ ತಪ್ಪು ಹಿಡಿಯಬಹುದು, ಆದರೆ "ಇದಕ್ಕಿಂತ ಕಡಿಮೆ ಇಲ್ಲ" ಅನ್ನುವುದಕ್ಕೆ ಹೀಗೆ ಹಚ್ಚಿ ತೋರಿಸಲೇಬೇಕು.

ಬೀದರ್‌ನಿಂದ: ಮೇಡಂ, ಇದು ಯಾವುದು? ಕೀಯಲ್ಲಿ O(n log n) ಅಂತಿದೆ.

```c
for (i = 1; i <= n; i *= 2)
    for (j = 1; j <= i; j++)
        count++;
```

ಭಾಲ್ಕಿಯಿಂದ: ಕೀ ಸರಿ. ಹೊರಗಿನದು log n ಸಲ, ಒಳಗಿನದು n ಸಲ. ಗುಣಿಸಿದರೆ ಆಯಿತು.

ಹುಮನಾಬಾದ್‌ನಿಂದ: ಒಳಗಿನದು ಪ್ರತಿ ಸಲ n ಓಡುವುದಿಲ್ಲ ಅಣ್ಣಾ, i ಓಡುತ್ತದೆ. n = 8 ಇಟ್ಟು ಎಣಿಸಿದೆ. 1+2+4+8, ಒಟ್ಟು 15. ನಿಮ್ಮ ಲೆಕ್ಕದಲ್ಲಿ 24 ಮೀರಬೇಕಿತ್ತು.

ಭಾಲ್ಕಿಯಿಂದ: 15, 24 ಎರಡೂ ಹತ್ತಿರ ಹತ್ತಿರವೇ ಅಲ್ವಾ? ಚಿಕ್ಕ ಸಂಖ್ಯೆಯಿಂದ ಏನು ಗೊತ್ತಾಗುತ್ತದೆ?

ಮೇಡಂ, ಕಲಬುರಗಿ: n ಎರಡು ಪಟ್ಟು ಮಾಡಿ ನೋಡಿ. 8ಕ್ಕೆ 15, 16ಕ್ಕೆ 31, 1024ಕ್ಕೆ 2047. n log n ಆಗಿದ್ದರೆ 1024ಕ್ಕೆ 10240ರ ಆಸುಪಾಸು ಬರಬೇಕಿತ್ತು. ಇಲ್ಲಿ n ಎರಡು ಪಟ್ಟಾದರೆ ಎಣಿಕೆಯೂ ಎರಡು ಪಟ್ಟು. Θ(n).

ಸೇಡಂನಿಂದ: n = 10 ಇಟ್ಟರೆ ನನಗೂ 15 ಬಂತು, 19 ಬರಲಿಲ್ಲ.

ಮೇಡಂ, ಕಲಬುರಗಿ: ಸರಿ ಇದೆ. 8ರ ನಂತರ i 16 ಆಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. 2n-1 ಬರುವುದು n ಎರಡರ ಘಾತ ಆಗಿದ್ದರೆ ಮಾತ್ರ. ಬೇರೆ ಕಡೆ ಅದಕ್ಕಿಂತ ಕಡಿಮೆ, ಆದರೆ n ಕ್ಕಿಂತ ಕಡಿಮೆ ಆಗುವುದಿಲ್ಲ.

ಭಾಲ್ಕಿಯಿಂದ: ಹಾಗಾದರೂ O(n log n) ಸುಳ್ಳಲ್ಲ. O ಅಂದರೆ ಮೇಲಿನ ಮಿತಿ. ಕೀ ತಪ್ಪು ಅನ್ನುವ ಹಾಗಿಲ್ಲ.

ಹುಮನಾಬಾದ್‌ನಿಂದ: ಮೊದಲು ಗುಣಿಸಿದಿರಿ, ಈಗ ಮಿತಿ ಅನ್ನುತ್ತಿದ್ದೀರಿ. ಹಾಗಾದರೆ O(n²) ಬರೆದರೂ ಅಂಕ ಕೊಡಬೇಕಾ?

ಭಾಲ್ಕಿಯಿಂದ: ಮಾತು ಸರಿಯಾಗಿ ಆಡಿರಿ. ನಾನು ನಿಮಗಿಂತ ಜಾಸ್ತಿ ಪೇಪರ್ ಬಿಡಿಸಿದ್ದೇನೆ.

ಮೇಡಂ, ಕಲಬುರಗಿ: ಇಬ್ಬರೂ ಸಾಕು ಮಾಡಿ. O(n log n) ಸುಳ್ಳಲ್ಲ, ಭಾಲ್ಕಿಯವರ ಆ ಮಾತು ನಿಜ. ಆದರೆ ಗುಣಿಸಿ ಅಲ್ಲಿಗೆ ಬಂದದ್ದು ತಪ್ಪು ದಾರಿ. ಆಯ್ಕೆಗಳಲ್ಲಿ O(n) ಇತ್ತಾ? ಬೀದರ್‌ನವರೇ, ಪೂರ್ತಿ ಪ್ರಶ್ನೆಯ ಫೋಟೋ ಹಾಕಿ. ಅದು ನೋಡದೆ ಕೀ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಬೀದರ್‌ನಿಂದ: ಜೆರಾಕ್ಸ್‌ನಲ್ಲಿ ಆಯ್ಕೆಗಳ ಸಾಲು ಕಟ್ ಆಗಿದೆ ಮೇಡಂ. ಬೇರೆ ಯಾರ ಹತ್ತಿರ ಇದೆ?

ಯಾದಗಿರಿಯಿಂದ: ಮೇಡಂ, ಬಲದಿಂದ ನಾಲ್ಕನೆಯದು 1 ಇದ್ದರೆ ಎಷ್ಟು ಸ್ಟೇಟ್?

ಮೇಡಂ, ಕಲಬುರಗಿ: ಮೇಲೆ ಓದಿ.

ಸುರಪುರದಿಂದ: ಪಂಪಿಂಗ್ ಲೆಮ್ಮಾ ಪ್ರಶ್ನೆ ಮೊನ್ನೆಯೇ ಹಾಕಿದ್ದೆ ಮೇಡಂ, ಇನ್ನೂ ಉತ್ತರ ಬಂದಿಲ್ಲ.

ಭಾಲ್ಕಿಯಿಂದ: ಯಾದಗಿರಿಯವರೇ, ಫಾರ್ವರ್ಡ್ ಪ್ರಕಾರ 5.

ಮೇಡಂ, ಕಲಬುರಗಿ: 16. ಆ ಫಾರ್ವರ್ಡ್ ಇಲ್ಲಿ ಮತ್ತೆ ಕಂಡರೆ ನಾನು ಉತ್ತರ ಬರೆಯುವುದು ನಿಲ್ಲಿಸುತ್ತೇನೆ.

ಶಹಾಪುರದಿಂದ: ಕೋಡ್ ಓಡಿಸಿದೆ ಮೇಡಂ. 1100, 1101, 1110, 1111, ಆಮೇಲೆ ಐದು ಅಕ್ಷರದವು. ಎಂಟು ಸ್ಟೇಟಿನ ಟೇಬಲ್ ಈಗ ಬರೆಯುತ್ತಿದ್ದೇನೆ. ಫೈನಲ್ ನಾಲ್ಕು ಬಂತು, 100, 101, 110, 111. ಸರಿನಾ?

ಮೇಡಂ, ಕಲಬುರಗಿ: ಸರಿ. ಕೋಡ್‌ನಲ್ಲಿ `s == 3` ಬದಲು `s >= 4` ಮಾಡಿ, 000 ಅಂದರೆ 0, 111 ಅಂದರೆ 7 ಅಂತ ನಂಬರ್ ಕೊಟ್ಟು ನಿಮ್ಮ ಟೇಬಲ್ ಅನ್ನು `d` ಜಾಗದಲ್ಲಿ ಹಾಕಿ. ಏನೂ ಪ್ರಿಂಟ್ ಆಗಬಾರದು.