ಪದಚರ್ಚೆ: ಇನ್ನೂ ಏನೂ ಆಗಿಲ್ಲ, ಆದ್ರ ಏನೋ ಆಗೋದದ – ಈ ಅಂಜಿಕಿಗಿ ಏನಂತೀರಿ?

ರೇಖಾ, ಕಲಬುರಗಿ:

ಎಲ್ಲರಿಗೂ ನಮಸ್ಕಾರ್ರಿ. ಒಂದು ಶಬ್ದಕ್ಕ ಒಂದ್ ವಾರದಿಂದ ಒದ್ದಾಡ್ಲತ್ತೀನಿ. ನಾ ಒಂದು ಕಾದಂಬರಿ ಬರೀಲತ್ತೀನಿ, ಯಾದಗಿರಿ ಕಡಿ ಭೀಮಾ ದಂಡಿ ಮ್ಯಾಲಿನ ಒಂದು ಹಳೇ ವಾಡೆ, ಅಲ್ಲಿಗಿ ಹೊಸದಾಗಿ ಬಂದ ಸಾಲಿ ಟೀಚರ್ ಒಬ್ಬಾಕಿ ಬಾಡಿಗಿ ಇರ್ತಾಳ, ಮನಿಯಾಗ ಇನ್ನೊಬ್ಬಾಕಿ ಮುದುಕಿ ಅಷ್ಟೇ. ಮೊದಲ ನೂರು ಪುಟ ಏನೂ ಆಗೋದಿಲ್ಲ, ಆದ್ರ ಓದೋರ ಎದ್ಯಾಗ ಭಾರ ಏರ್ತಾ ಹೋಗಬೇಕು. ಇಂಗ್ಲಿಷಿನಾಗ ಇದಕ್ಕ ಡ್ರೆಡ್ ಅಂತಾರಲ್ರಿ, ಎದುರಿಗಿ ಬಂದದ್ದು ನೋಡಿ ಹೌಹಾರೋದು ಅಲ್ಲ, ಬರೋದಕ್ಕ ಮೊದಲೇ ಕೂಡೋ ಅಂಜಿಕಿ. ಭಯ ಅಂದ್ರ ಸಪ್ಪಗ, ಭೀತಿ ಅಂದ್ರ ಪೇಪರ್ ಭಾಷಾ, ಆತಂಕ ಅಂದ್ರ ರಿಸಲ್ಟಿಗಿ ಕಾಯೋ ಹುಡುಗನ ನೆನಪಾಗ್ತದ. ನನ್ನ ಡ್ರಾಫ್ಟಿನ ಸಾಲು ಹಿಂಗದ: "ಆ ಭಯಾನಕ ವಾಡೆಯ ನಿಗೂಢ ಕತ್ತಲಲ್ಲಿ ನಿಂತಾಗ ಅವಳ ಎದೆ ಝಲ್ಲೆಂದಿತು." ಮೂರು ಮಂದಿಗಿ ಓದಿ ಹೇಳ್ದೆ, ಮೂವರೂ ಚಲೋ ಅದ ಅಂದ್ರು, ಒಬ್ರಿಗೂ ಅಂಜಿಕಿ ಬರ್ಲಿಲ್ಲ. ಸರಿ ಶಬ್ದ ಸಿಕ್ರ ಸಾಲು ಜೀವ ಹಿಡೀತದ ಅನಸ್ತದ. ನಿಮ್ಮ ನಿಮ್ಮ ಊರಾಗ ಏನಂತೀರಿ ಹೇಳ್ರಿ.

ಗುರುಲಿಂಗಪ್ಪ, ಸೇಡಂ:

ರೇಖಾ ಅವರೇ, ಇದ್ರಾಗ ಇಷ್ಟು ತಲಿ ಕೆಡಿಸ್ಕೊಳ್ಳೋದು ಏನದ, ದಿಗಿಲು ಅಂತ ಅಚ್ಚಗನ್ನಡ ಶಬ್ದನೇ ಅದ. ದಿಗಿಲು ಬಿತ್ತು ಅಂತ ಬರೀರಿ, ಮುಗೀತು. ಇನ್ನ ವಾತಾವರಣದ ಮಾತು ಬಂದ್ರ ಅದು ಜಾಗದ ಮ್ಯಾಲೆ ಅದ. ಬೀದರಿನ ಅಷ್ಟೂರಿಗಿ ಹೋಗಿ ಬರ್ರಿ ಒಮ್ಮೆ, ಬಹಮನಿ ಸುಲ್ತಾನ ಹುಮಾಯೂನ್ ಶಾಹನ ಗೋರಿ ಮ್ಯಾಲಿನ ಗುಮ್ಮಟ ಸಿಡಿಲು ಬಡಿದು ಅರ್ಧ ಸೀಳಿ ನಿಂತದ, ಅದನ್ನ ನೋಡಿದ್ರೇ ಮೈ ಜುಂ ಅಂತದ. ಹಾಳುಬಿದ್ದ ಜಾಗ, ಬಾವಲಿ, ಅಮಾವಾಸ್ಯಿ, ಇವು ಇದ್ರ ಅಂಜಿಕಿ ತಾನೇ ಬರ್ತದ.

ಶಾಂತಾಬಾಯಿ, ಹುಮನಾಬಾದ:

ನಂಗ ಸಾಹಿತ್ಯದ್ದು ಅಷ್ಟು ತಿಳಿಯಲ್ಲವ್ವಾ, ಆದ್ರ ನೀ ಕೇಳಿದ್ದು ನಾ ಉಂಡೀನಿ. ನಮ್ಮ ಅತ್ತಿ ತೀರಿಕೊಂಡ ವರ್ಷ ನಮ್ಮ ಮನೆಯವರು ಡ್ಯೂಟಿ ಮ್ಯಾಲೆ ಹೊರಗೂರಿಗಿ, ಮಕ್ಕಳು ಹಾಸ್ಟೆಲಿಗಿ, ಅಷ್ಟು ದೊಡ್ಡ ಮನಿಯಾಗ ನಾ ಒಬ್ಬಾಕೀ. ಸಂಜಿ ಆಯ್ತಂದ್ರ ಮನಿ ಭಣಭಣ ಅಂತಿತ್ತು, ಮನಿ ತಿನ್ಲಾಕ ಬರ್ತದ ಅಂತಾರಲ್ಲ, ಹಂಗ. ಅತ್ತಿ ಇದ್ದಾಗ ದಿನಾ ನಾಕು ಗಂಟೆಕ್ಕ ಎದ್ದು ಹಿತ್ತಲ ಬಾಗಲದ ಅಗಳಿ ತಗೀತಿದ್ಳು, ಕಟ್ಟಿಗಿ ಅಗಳಿ, ಟಕ್ ಅಂತ ಒಂದೇ ಸಪ್ಪಳ. ಆಕಿ ಹೋದ ಮ್ಯಾಲೆ ನಾಕು ಗಂಟೆಕ್ಕ ನನಗ ತಾನೇ ಎಚ್ಚರ ಆಗ್ತಿತ್ತು, ಆ ಸಪ್ಪಳ ಬರ್ತದೇನೋ ಅಂತ ಕಿವಿ ಕೊಟ್ಟು ಮಲಗ್ತಿದ್ದೆ. ಒಂದ್ ದಿನಾನೂ ಬರ್ಲಿಲ್ಲ. ಬಂದಿದ್ರ ಒಂದ್ ವೇಳೆ ಅಷ್ಟು ಅಂಜತಿದ್ದಿಲ್ಲೇನೋ. ನಿಂಗ ಹಂಗ ಆಗ್ಲತ್ತಿದ್ರ ಒಬ್ಬಾಕೀ ಇರಬ್ಯಾಡ ತಾಯಿ, ಯಾರನ್ನರೆ ಕರ್ಕೊಂಡ್ ಇರು, ಸಂಜಿಗಿ ದೀಪ ಹಚ್ಚು.

ಮಲ್ಲಿಕಾರ್ಜುನ, ಬೀದರ (ನಿವೃತ್ತ ಮಾಸ್ತರ):

ಶಾಂತಕ್ಕಾವ್ರು ರೇಖಾಗೇ ಹಂಗ ಆಗ್ಲತ್ತದ ಅಂತ ತಿಳ್ಕೊಂಡಾರ, ಆದ್ರೂ ಇಲ್ಲಿ ತನಕ ಬಂದದ್ರಾಗ ಅವರ ಉತ್ತರಾನೇ ಗಟ್ಟಿ. ಯಾಕ ಅಂತ ಆಮೇಲೆ ಹೇಳ್ತೀನಿ.

ಮೊದಲು ದಿಗಿಲು. ಗುರುಲಿಂಗಪ್ಪನವರೇ, ದಿಗಿಲು ಬೀಳ್ತದ, ದಿಗಿಲು ಬಡೀತದ. ಕ್ರಿಯಾಪದ ನೋಡ್ರಿ, ಅದು ಒಮ್ಮೆಲೇ ಆಗೋ ಕೆಲಸ. ರೇಖಾಗ ಬೇಕಾದದ್ದು ದಿನಾ ಒಂದೊಂದು ಹನಿ ಕೂಡೋದು. ಭರತನ ನಾಟ್ಯಶಾಸ್ತ್ರದಾಗ ಮೂವತ್ತಮೂರು ವ್ಯಭಿಚಾರಿ ಭಾವ, ಅಂದ್ರ ಬಂದು ಹೋಗೋ ಭಾವ ಅವ, ಅದ್ರಾಗ ಈ ಎರಡನ್ನೂ ಬ್ಯಾರೆ ಬ್ಯಾರೆ ಇಟ್ಟಾರ. ಒಂದು ತ್ರಾಸ, ಸಿಡಿಲು, ಉಲ್ಕೆ, ಗುಡುಗು ಇಂಥಾವುದರಿಂದ ಬರೋದು. ಇನ್ನೊಂದು ಶಂಕೆ, ಅದರ ಲಕ್ಷಣ ಅಂದ್ರ ಮತ್ತ ಮತ್ತ ಆಕಡಿ ಈಕಡಿ ನೋಡೋದು, ಬಾಯಿ ಒಣಗೋದು. ಭರತ ಹೇಳೋ ಶಂಕೆಗಿ ಕಳವು, ಅಪರಾಧ ಇಂಥಾ ಕಾರಣ ಅವ, ಹಂಗಾಗಿ ಪೂರಾ ಹೊಂದೋದಿಲ್ಲ, ಆದ್ರ ಕಣ್ಣು ತಿರುಗೋ ರೀತಿ ಅದೇ. ತೊಂದ್ರಿ ಏನಂದ್ರ ನಮ್ಮ ಕಡಿ ತ್ರಾಸ ಅಂದ್ರ ಕಷ್ಟ, ಶಂಕಾ ಅಂದ್ರ ಅನುಮಾನ, ಎರಡೂ ಈಗ ಕಾದಂಬರಿಗಿ ಬರೋದಿಲ್ಲ.

ಗಾಥಿಕ್ ಅನ್ನೋ ಅಂಜಿಕಿ ಕಥಿ ಬರೆದೋರೂ ಇದನ್ನ ಗುರ್ತಿಸ್ಯಾರ. ಆನ್ ರಾಡ್‌ಕ್ಲಿಫ್ ತೀರಿಕೊಂಡ ಮ್ಯಾಲೆ, 1826ರಾಗ ಆಕಿದೊಂದು ಲೇಖನ ಅಚ್ಚಾತು. ಟೆರರ್ ಮನಸ್ಸನ್ನ ಹಿಗ್ಗಿಸಿ ಎಚ್ಚರ ಮಾಡ್ತದ, ಹಾರರ್ ಕುಗ್ಗಿಸಿ ಹೆಪ್ಪುಗಟ್ಟಿಸ್ತದ ಅನ್ನೋದು ಅದರ ತಿರುಳು. ಆಕಿ ಟೆರರ್ ಅನ್ನೋದು ಹೆಚ್ಚುಕಡಿಮಿ ರೇಖಾ ಕೇಳೋ ಡ್ರೆಡ್ಡು. ಅದು ಅರ್ಧ ಕಂಡು ಅರ್ಧ ಕಾಣದ್ರಿಂದ ಹುಟ್ತದ. ಅಷ್ಟೂರಿನ ಸೀಳಿದ ಗುಮ್ಮಟ ಪೂರಾ ಕಾಣ್ತದಲ್ರಿ, ಸಿಡಿಲು ಬಡಿದು ಮುಗಿದು ಹೋಗ್ಯದ. ಆಗಿ ಮುಗಿದದ್ದು ನೋಡಿ ಮರುಕ ಬರ್ತದ, ಬೆರಗು ಬರ್ತದ. ಹಗಲು ನಾವು ಸಾಲಿ ಹುಡುಗರನ್ನ ಅಲ್ಲೇ ಬುತ್ತಿ ಕಟ್ಕೊಂಡು ಟ್ರಿಪ್ಪಿಗಿ ಒಯ್ತಿದ್ವಿ, ಒಂದ್ ಕೂಸೂ ಅಂಜಿಲ್ಲ.

ಈಗ ಕೆಲಸ ಹ್ಯಾಂಗ ನಡೀತದ ಅನ್ನೋದಕ್ಕ 1897ರ ಡ್ರಾಕುಲಾ ಕಾದಂಬರಿಯ ಮೊದಲ ಭಾಗ ನೋಡ್ರಿ. ಜೊನಾಥನ್ ಹಾರ್ಕರ್ ಅನ್ನೋ ವಕೀಲನ ಡೈರಿ, ಮೇ 3ಕ್ಕ ಸುರು. ಮೊದಲಿಗೇ ಏನು ಬರೀತಾನ, ಟ್ರೇನ್ ಲೇಟ್ ಆತು, ಪ್ಯಾಪ್ರಿಕಾ ಹಾಕಿದ ಕೋಳಿ ರುಚಿ ಇತ್ತು, ಅದರ ರೆಸಿಪಿ ಮಿನಾಗ ತಗೋಬೇಕು, ಮಿನಾ ಅಂದ್ರ ಆತ ಮದುವಿ ಆಗೋ ಹುಡುಗಿ. ಇಂಥಾ ಲೆಕ್ಕದ ಮನುಷ್ಯ. ಗಾಡಿ ಬಿಡೋದಕ್ಕ ಮೊದಲು ಊರ ಮಂದಿ ಇವನನ್ನ ನೋಡಿ ಏನೇನೋ ಶಬ್ದ ಪಿಸುಗುಡ್ತಾರ, ಇವ ನಮ್ಮಂಗೇ ಚೀಲದಿಂದ ಬಹುಭಾಷಾ ಡಿಕ್ಷನರಿ ತಗದು ನೋಡ್ತಾನ, ಸೈತಾನ, ನರಕ, ಮಾಟಗಾತಿ ಅಂತ ಅರ್ಥ ಬರ್ತದ. ನೋಡಿ ಏನು ಮಾಡ್ತಾನ? ಈ ಮೂಢನಂಬಿಕಿ ಬಗ್ಗಿ, ತಾ ಹೊಂಟ ಕೋಟಿಯ ಯಜಮಾನ ಕೌಂಟ್ ಡ್ರಾಕುಲಾನನ್ನೇ ಕೇಳಬೇಕು ಅಂತ ಬರಕೋತಾನ. ಭಯದ ಶಬ್ದ ಒಂದೂ ಇಲ್ಲ ಆ ಟಿಪ್ಪಣಿಯಾಗ, ಓದೋರಿಗಿ ಅಲ್ಲೇ ಹೊಟ್ಟಿ ತಣ್ಣಗಾಗ್ತದ. ಕೋಟಿಗಿ ಹೋದ ಮ್ಯಾಲೆ ಯಜಮಾನ ಜೊತಿಗಿ ಉಣ್ಣೋದಿಲ್ಲ, ಆಗ್ಲೇ ಉಂಡೀನಿ ಅಂತಾನ. ಮೇ 7ಕ್ಕ, ಬಂಗಾರದ ಪಾತ್ರಿ ಅವ ಆದ್ರ ಒಂದ್ ಕೋಣ್ಯಾಗೂ ಕನ್ನಡಿ ಇಲ್ಲ, ಆಳು ಒಬ್ರೂ ಕಂಡಿಲ್ಲ. ಮೇ 8ಕ್ಕ ಸಪ್ಪಳ ಮಾಡ್ದೇ ತನ್ನ ಕೋಣಿಗಿ ಹೋಗಿ ನೋಡ್ತಾನ, ಕೌಂಟ್ ತಾನೇ ಇವನ ಹಾಸಿಗಿ ಹಾಸ್ಲತ್ತಾನ. ಒಬ್ಬ ದೊರಿ ಹಾಸಿಗಿ ಹಾಸೋದು, ಇದ್ರಾಗ ರಕ್ತ ಇಲ್ಲ, ಬಾವಲಿ ಇಲ್ಲ. ಆದ್ರ ಆಳು ಇಲ್ಲ ಅಂದ್ರ ಅವತ್ತು ರಾತ್ರಿ ಇವನನ್ನ ಕೋಟಿಗಿ ಗಾಡಿ ಹೊಡ್ಕೊಂಡು ತಂದವ ಯಾರು ಅಂತ ಲೆಕ್ಕ ಹಿಂದಕ್ಕ ಓಡ್ತದ. ಗ್ವಾಡಿ ಮ್ಯಾಲೆ ತಲಿ ಕೆಳಗ ಮಾಡಿ ಹಲ್ಲಿ ಹಂಗ ಇಳಿಯೋದು ಕಾಣೋದು ಮೇ 12ಕ್ಕ. ಅದಕ್ಕ ಮೊದಲು ನಾ ಹೇಳಿದ ಪ್ರತಿ ಗುರ್ತಿಗೂ ಒಂದು ಸಾದಾ ಕಾರಣ ಹೇಳಬಹುದು, ಎಲ್ಲಾ ಕೂಡಿಸಿದ್ರ ಹೇಳಾಕ ಬರೋದಿಲ್ಲ. ಕೂಡಿಸೋ ಕೆಲಸ ಓದೋರದ್ದು.

ಶಾಂತಕ್ಕಾವ್ರ ಅಗಳಿ ಸಪ್ಪಳಾನೂ ಹಂಗೇ. ಬರ್ಲಿಲ್ಲ, ಅದಕ್ಕೇ ಆಕಿ ಕಿವಿ ದಿನಾ ಕಾಯ್ತಿತ್ತು.

ರೇಖಾ, ನಿನ್ನ ಸಾಲಿನಾಗ ವಾಡೆಗಿ ಭಯಾನಕ ಅಂದಿ, ಕತ್ತಲಿಗಿ ನಿಗೂಢ ಅಂದಿ, ಮ್ಯಾಲೆ ಎದಿ ಝಲ್ ಅನ್ಸಿದಿ. ಓದೋರಿಗಿ ಮಾಡಾಕ ಏನೂ ಉಳಿಲಿಲ್ಲ. ನೀ ಹುಡುಕೋ ಶಬ್ದ ಸಿಕ್ಕರೂ ಅದನ್ನ ಆ ಜಾಗದಾಗ ಹಾಕಬ್ಯಾಡ.

ನಜೀರ್, ಕಲಬುರಗಿ:

ಮಾಸ್ತರ ಮಾತು ಒಪ್ದೆ, ಆದ್ರ ಶಬ್ದ ಬ್ಯಾಡ ಅಂದ್ರ ಪದಚರ್ಚೆ ಹ್ಯಾಂಗ್ ಆಗ್ತದ್ರಿ. ನಮ್ಮ ಮನಿ ಉರ್ದುವಿನಾಗ ಖೌಫ್ ಅಂದ್ರ ಅಂಜಿಕಿ, ದಹಶತ್ ಅಂದ್ರ ಎಲ್ಲಾರೂ ನಡುಗೋ ಅಂಥಾದ್ದು. ಇವೆರಡೂ ಅಲ್ಲದ್ದು ಒಂದದ, ಖಟಕಾ. ನಮ್ಮ ಅಮ್ಮಾ ಅಂತಿರ್ತಾಳ, ದಿಲ್ಲಾಗ ಏನೋ ಖಟಕಾ ಅದ ಅಂತ. ಕಾರಣ ಗೊತ್ತಿಲ್ಲ, ಆದ್ರ ಒಳಗ ಏನೋ ಚುಚ್ಚತದ ಅಂತ ಅರ್ಥ. ಮಜಾ ಏನಂದ್ರ ಅದೇ ಶಬ್ದಕ್ಕ ಟಕ್ ಅನ್ನೋ ಸಪ್ಪಳ ಅಂತಾನೂ ಅರ್ಥ ಅದ, ಬಾಗಲದ ಕೊಂಡಿ ಅಂತಾನೂ ಅದ. ಶಾಂತಕ್ಕಾವ್ರು ಬರೆದದ್ದು ಓದಿದಾಗ ನನಗ ಅದೇ ನೆನಪಾತು, ಮೂರೂ ಅರ್ಥ ಒಂದೇ ಬಾಗಲದಾಗ.

ಗುರುಲಿಂಗಪ್ಪ, ಸೇಡಂ:

ದಿಗಿಲಿನ ಮಾತು ಬಿಡ್ತೀನಿ, ಬೀಳ್ತದ ಅನ್ನೋದು ಖರೇ. ಆದ್ರ ಜಾಗದ ಮಾತು ಬಿಡೋದಿಲ್ಲ. ಬಸ್ ಸ್ಟ್ಯಾಂಡಿನಾಗ ಕೌಂಟ್ ಹಾಸಿಗಿ ಹಾಸಿದ್ರ ಯಾರರೆ ಅಂಜತಾರೇನು? ದೂರದ ಕೋಟಿ, ಹೊರಗ ತೋಳ, ಕೀಲಿ ಹಾಕಿದ ಬಾಗಲು, ಇವು ಇರೋದಕ್ಕೇ ಆ ಹಾಸಿಗಿ ಕೆಲಸ ಮಾಡ್ತದ. ಇನ್ನ ಖಟಕಾ ಅಂದ್ರ ಸೇಡಂದಾಗ ಅರ್ಧ ಮಂದಿ ಲೈಟಿನ ಬಟನ್ ಅಂತಾರ, ಅದು ಒಪ್ಪಂಗಿಲ್ಲ.

ಮಲ್ಲಿಕಾರ್ಜುನ, ಬೀದರ:

ಜಾಗದ ಮಾತು ಅರ್ಧ ಒಪ್ಪಿದೆ. ತಪ್ಪಿಸ್ಕೊಂಡು ಹೋಗಾಕ ಬರಬಾರದು, ಅದಕ್ಕ ಜಾಗ ಬೇಕು. ಆದ್ರ ಜಾಗಾನ ಒಮ್ಮೆ ಬಿಗಿ ಮಾಡಿ ಬಿಡಬೇಕು, ಪುಟಕ್ಕೊಮ್ಮೆ ಗಾಳಿ ಬೀಸಿಸಿದ್ರ ಓದೋರು ಗಾಳಿ ಬಂದ ಕೂಡ್ಲೇ ಪುಟ ತಿರುವತಾರ. ರೇಖಾ, ಮುಂದಿನ ಸಲ ಓದಿ ಹೇಳಿದಾಗ ಚಲೋ ಅದನೋ ಇಲ್ಲೋ ಅಂತ ಕೇಳಬ್ಯಾಡ. ನಿಮಗ ಏನಾಗ್ತದ ಅನಸ್ತು ಅಂತ ಕೇಳು. ಎಲ್ಲರೂ ದೆವ್ವ ಅಂದ್ರ ನೀ ಹೆಚ್ಚು ತೋರ್ಸಿದಿ ಅಂತ ತಿಳಿ, ಯಾರಿಗೂ ಏನೂ ಅನಸಲಿಲ್ಲ ಅಂದ್ರ ಗುರ್ತು ಕಡಿಮಿ ಆಗ್ಯಾವ. ಒಬ್ಬೊಬ್ರು ಒಂದೊಂದು ಅಂದ್ರ ದಾರಿ ಸರಿ ಅದ.

ರೇಖಾ, ಕಲಬುರಗಿ:

ಎಲ್ಲರಿಗೂ ಶರಣ್ರಿ. ಎರಡ್ ದಿನ ಕುಂತು ಆ ಸಾಲು ಪೂರಾ ತಗದೆ. ಈಗ ಹಿಂಗ ಅದ:

"ಮುದುಕಿ ಮೂರು ಗಂಗಾಳ ಹಾಕಿದಳು. ಇನ್ನೊಬ್ಬರು ಬರೋರಿರಬೇಕು ಅಂದುಕೊಂಡು ಅವಳು ಕಾದಳು. ಯಾರೂ ಬರಲಿಲ್ಲ, ಮುದುಕಿ ಉಣ್ಣಲು ಸುರು ಮಾಡಿದಳು. ರಾತ್ರಿ ತನ್ನ ಕೋಣೆಯ ಬಾಗಿಲು ಹಾಕಲು ಹೋದರೆ ಒಳಗೆ ಚಿಲಕ ಇರಲಿಲ್ಲ, ಹೊರಗಿತ್ತು. ಮೊದಲು ಕಾಳು ಹಾಕುವ ಕೋಣೆ ಆಗಿರಬೇಕು ಅಂದುಕೊಂಡಳು. ಮುಂಜಾನೆ ಹಿತ್ತಲ ಪರ್ಸಿ ಮೇಲೆ ಮೂರೂ ಗಂಗಾಳ ತೊಳೆದು ಬೋರಲು ಹಾಕಿದ್ದವು."

ಅದೇ ಮೂರು ಮಂದಿಗಿ ಓದ್ದೆ. ಒಬ್ರು ಮುದುಕಿಗಿ ತಲಿ ಸರಿ ಇಲ್ಲ ಅಂದ್ರು, ಒಬ್ರು ಮನಿಯಾಗ ಯಾರನ್ನೋ ಕೂಡಿ ಹಾಕ್ಯಾರ ಅಂದ್ರು. ಮೂರನೆಯಾಕಿ ನಮ್ಮ ತಂಗಿ, ಆಕಿ ಮಾತಾಡ್ಲಿಲ್ಲ, ಚಿಲಕ ಹೊರಗಿತ್ತು ಅನ್ನೋದು ಇನ್ನೊಮ್ಮೆ ಓದು ಅಂದ್ಳು.

ಭಣಭಣ ಅನ್ನೋದನ್ನ ಎಪ್ಪತ್ತನೇ ಪುಟದಾಗ ಒಂದೇ ಸಲ ಇಟ್ಟೀನಿ, ಅದೂ ಟೀಚರ್ ಬಾಯಾಗಲ್ಲ, ಮುದುಕಿ ಬಾಯಾಗ. ಖಟಕಾ ನನಗ ಭಾಳ ಸೇರ್ಯದ, ಗುರುಲಿಂಗಪ್ಪನವರ ಲೈಟಿನ ಬಟನ್ನಿನ ಮಾತಿಗಿ ಇನ್ನೂ ಉತ್ತರ ಸಿಕ್ಕಿಲ್ಲ. ಯಾದಗಿರಿ, ಸುರಪುರ ಕಡೆಯೋರು ಯಾರರೆ ಇದ್ರ ಹೇಳ್ರಿ, ನಿಮ್ಮಲ್ಲಿ ಖಟಕಾ ಅಂದ್ರ ಮೊದಲು ಏನು ನೆನಪಾಗ್ತದ?