ಏಳೋ, ಎಂಟೋ? ಜನವರಿಯಲ್ಲಿ ಹುಟ್ಟಿದ ವಧುವಿನ ಒಂಬತ್ತು ನಕ್ಷತ್ರ ಸಂಖ್ಯೆ

ಪ್ರಶ್ನೆ (ಟೋಕಿಯೊದಲ್ಲಿರುವ ಸದಸ್ಯರು):
ಮೇಡಂ, ನಾನು ಹುಟ್ಟಿದ್ದು 1990ರ ಅಕ್ಟೋಬರ್ 15. ನಾನು ಮದುವೆಯಾಗಲಿರುವ ಜಪಾನಿ ಹುಡುಗಿ ಹುಟ್ಟಿದ್ದು 1993ರ ಜನವರಿ 30. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಲೆಕ್ಕದಂತೆ ನನ್ನದು 1, ಅವಳದು 7, ಒಳ್ಳೆಯ ಜೋಡಿ ಎಂದಿತ್ತು. ಅವಳ ಅಜ್ಜಿ ತಮ್ಮ ಪಂಚಾಂಗ ತೆಗೆದು, ಅವಳದು 8, ಮಣ್ಣು ನೀರನ್ನು ತಡೆಯುತ್ತದೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟಿದ್ದಾರೆ. ಯಾರ ಲೆಕ್ಕ ಸರಿ? ನಿಜಕ್ಕೂ ಕೂಡಿಬರುವುದಿಲ್ಲವೇ?

ಉತ್ತರ (ಯೊಕೊಹಾಮಾದಲ್ಲಿ ಕಿಗಾಕು, ಅಂದರೆ ಒಂಬತ್ತು ನಕ್ಷತ್ರಗಳಿಂದ ಭವಿಷ್ಯ ನೋಡುವ ಜಪಾನಿ ಪದ್ಧತಿ ಕಲಿತು, ನೋಡಿ ಹೇಳುವವರು):
ಅಜ್ಜಿಯ ಲೆಕ್ಕ ಸರಿ. ತಪ್ಪು ಎಲ್ಲಿ ನುಸುಳಿತು ಎಂಬುದನ್ನು ಮೊದಲು ತೋರಿಸುತ್ತೇನೆ, ಏಕೆಂದರೆ ನನ್ನ ಬಳಿ ಬರುವ ಜನವರಿ ಸಂತಾನದವರಲ್ಲಿ ಬಹುತೇಕ ಎಲ್ಲರೂ ಇಲ್ಲಿಯೇ ಎಡವಿರುತ್ತಾರೆ.

ವರ್ಷದ ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡಿ, ಬಂದದ್ದನ್ನು 11ರಿಂದ ಕಳೆಯಬೇಕು. ನಿಮ್ಮ 1990 ಕೂಡಿದರೆ 19, ಅದು 10, ಅದು 1. ಹನ್ನೊಂದರಲ್ಲಿ ಒಂದು ಹೋದರೆ 10, ಅಂದರೆ ಮತ್ತೆ 1. ನಿಮ್ಮದು ಬಿಳಿ ನೀರಿನ 1. ಆದರೆ ಈ ಪದ್ಧತಿಯಲ್ಲಿ ವರ್ಷ ಹುಟ್ಟುವುದು ಜನವರಿ ಒಂದಕ್ಕಲ್ಲ, ರಿಶ್ಶುನ್ ದಿನ, ಅಂದರೆ ವಸಂತ ಕಾಲಿಡುವ ದಿನ. ಸಾಮಾನ್ಯವಾಗಿ ಅದು ಫೆಬ್ರವರಿ 4. ಹಿಂದಿನ ರಾತ್ರಿ ಮನೆಮನೆಯಲ್ಲಿ ಹುರಿದ ಸೋಯಾ ಕಾಳು ಎರಚಿ, ಪಿಶಾಚಿ ಹೊರಗೆ, ಭಾಗ್ಯ ಒಳಗೆ ಎಂದು ಕೂಗುವುದನ್ನು ನೀವೂ ನೋಡಿರುತ್ತೀರಿ. ಹಳೆಯ ವರ್ಷದ ಬಾಗಿಲು ಮುಚ್ಚುವುದು ಆಗ. ಜನವರಿ 30ಕ್ಕೆ ಆ ಕಾಳು ಎರಚಲು ಇನ್ನೂ ನಾಲ್ಕು ದಿನವಿತ್ತು. ಹಾಗಾಗಿ ಅವರನ್ನು 1992ರವರೆಂದೇ ಎಣಿಸಬೇಕು. 1992 ಕೂಡಿದರೆ 21, ಅದು 3. ಹನ್ನೊಂದರಲ್ಲಿ ಮೂರು ಹೋದರೆ 8. ಬಿಳಿ ಮಣ್ಣು, ಬೆಟ್ಟದ ಮಣ್ಣು.

ಈಗ ಜೋಡಿಯ ವಿಷಯ. ಇಲ್ಲಿನ ಐದು ತತ್ತ್ವಗಳು ನಮ್ಮ ಪಂಚಭೂತಗಳಲ್ಲ; ಗಾಳಿಯೂ ಆಕಾಶವೂ ಇಲ್ಲಿಲ್ಲ, ಮರ ಮತ್ತು ಲೋಹ ಇವೆ. ಮರ ಬೆಂಕಿಯನ್ನು ಹುಟ್ಟಿಸುತ್ತದೆ, ಬೆಂಕಿ ಬೂದಿಯಾಗಿ ಮಣ್ಣಾಗುತ್ತದೆ, ಮಣ್ಣಿನೊಳಗೆ ಲೋಹ ಬೆಳೆಯುತ್ತದೆ, ಲೋಹದ ಮೈಮೇಲೆ ನೀರು ಕೂಡುತ್ತದೆ, ನೀರು ಮರವನ್ನು ಬೆಳೆಸುತ್ತದೆ. ಈ ಸುತ್ತಿನಲ್ಲಿ ಒಂದನ್ನು ದಾಟಿ ಮುಂದಿನದನ್ನು ಹಿಡಿದರೆ ಅದು ಅದುಮುವ ಸಂಬಂಧ. ಮಣ್ಣು ಲೋಹವನ್ನು ದಾಟಿ ನೀರನ್ನು ಹಿಡಿಯುತ್ತದೆ. ಹೊಲದ ಒಡ್ಡನ್ನು ನೆನೆಸಿಕೊಳ್ಳಿ.

ನಿಮ್ಮ ಜೋಡಿಯಲ್ಲಿ ಅವರು ಒಡ್ಡು, ನೀವು ನೀರು. ಇದಕ್ಕೆ ಎರಡು ಮುಖಗಳಿವೆ. ನನ್ನನ್ನು ಅದುಮುವವರಿಗೆ ಕಿಗಾಕುವಿನಲ್ಲಿ ಒಂದು ಹೆಸರು, ನಾನು ಅದುಮುವವರಿಗೆ ಇನ್ನೊಂದು. ನೋವು ತಗಲುವುದು ಒಂದೇ ಕಡೆಗೆ. ನೀರಿನವರಿಗೆ ತಮ್ಮ ಯೋಜನೆಗಳೆಲ್ಲ ಯಾವುದೋ ಗೋಡೆಗೆ ಬಡಿಯುತ್ತಿವೆ ಎನಿಸುತ್ತದೆ. ಬೆಟ್ಟದವರಿಗೆ ತಾವು ಗೋಡೆಯಾಗಿದ್ದೇವೆಂಬ ಅರಿವೇ ಇರುವುದಿಲ್ಲ, ತಾವು ನಿಂತಲ್ಲಿ ನಿಂತಿದ್ದೇವೆ ಅಷ್ಟೇ ಎಂದುಕೊಳ್ಳುತ್ತಾರೆ. ಹಾಗಾಗಿ ನಾನು ಇಂಥ ಜೋಡಿಗೆ ಕೂಡಿಬರುವುದಿಲ್ಲ ಎಂದು ಹೇಳುವುದಿಲ್ಲ. ಯಾರು ಮಾತು ಎತ್ತಬೇಕು ಎಂದು ಹೇಳುತ್ತೇನೆ. ಇಲ್ಲಿ ಎತ್ತಬೇಕಾದವರು ನೀವು.

ಆ ಇಂಟರ್ನೆಟ್ಟಿನ ಲೆಕ್ಕವನ್ನೇ ನಂಬಿದ್ದರೂ ವಿಷಯ ಅಷ್ಟು ಸರಳವಾಗಿರುತ್ತಿರಲಿಲ್ಲ. 7 ಲೋಹ, ಲೋಹ ನೀರಿಗೆ ಕೊಡುತ್ತದೆ. ಒಳ್ಳೆಯ ಜೋಡಿ ಎಂಬ ಮಾತು ನಿಮಗೆ ಪೂರ್ತಿ ನಿಜ, ಪಡೆಯುವವರು ನೀವು. ಕೊಡುವವರು ವರ್ಷ ವರ್ಷ ಬತ್ತುತ್ತಾರೆ. ಈ ಎರಡನೆಯ ಅರ್ಧವನ್ನು ಯಾರೂ ಬರೆಯುವುದಿಲ್ಲ ಎಂಬುದು ನನ್ನ ಬಹುದಿನದ ಕೊರಗು.

ಸದಸ್ಯರು, ಬೆಂಗಳೂರು:
ಅಜ್ಜಿಯ 8 ಸರಿ, ಆದರೆ ಕಾರಣ ಬೇರೆ ಮೇಡಂ. ಹೆಂಗಸರಿಗೆ ಸೂತ್ರವೇ ಬೇರೆ. 1993 ಕೂಡಿದರೆ 22, ಅದು 4. ಹೆಂಗಸರಿಗೆ ಕಳೆಯುವುದಿಲ್ಲ, 4 ಕೂಡಿಸಬೇಕು. ಒಟ್ಟು 8. ನಮ್ಮ ಮನೆಯ ಮುಖ್ಯ ಬಾಗಿಲಿನ ದಿಕ್ಕನ್ನು ಇದರಿಂದಲೇ ನಿರ್ಧರಿಸಿದ್ದು.

ಉತ್ತರ:
ನೀವು ಹೇಳಿದ ಸೂತ್ರ ಸುಳ್ಳಲ್ಲ, ಆದರೆ ಅದು ಚೀನಾದ ಫೆಂಗ್ ಶುಯಿಯ ಕುಆ ಸಂಖ್ಯೆಯದು. ಮನೆಯ ದಿಕ್ಕು ನೋಡುವವರು ಬಳಸುವುದು ಅದನ್ನೇ. ಅಲ್ಲಿ ಗಂಡಸರ ಎಣಿಕೆ ಇಳಿಯುತ್ತ ಹೋಗುತ್ತದೆ, ಹೆಂಗಸರದು ಏರುತ್ತದೆ. ಜಪಾನಿನ ಕಿಗಾಕುವಿನಲ್ಲಿ ಒಂದೇ ವರ್ಷದ ಗಂಡಿಗೂ ಹೆಣ್ಣಿಗೂ ಒಂದೇ ಸಂಖ್ಯೆ. ಎರಡಕ್ಕೂ ಬೇರು ಚೀನಾದ ಅದೇ ಒಂಬತ್ತು ಮನೆಯ ಚೌಕ, ಯಾವ ಸಾಲು ಕೂಡಿದರೂ 15 ಬರುವುದು, ಅದಕ್ಕೇ ಬೆರಕೆಯಾಗುತ್ತದೆ.

ನಿಮ್ಮ ಲೆಕ್ಕದಲ್ಲಿ ಎರಡು ತಪ್ಪುಗಳು ಒಂದನ್ನೊಂದು ನುಂಗಿಕೊಂಡು ಸರಿಯಾದ ಸಂಖ್ಯೆ ಬಂದಿದೆ. ಕುಆ ಸಂಖ್ಯೆಗೂ ವರ್ಷ ಫೆಬ್ರವರಿಯಲ್ಲೇ ಬದಲಾಗುತ್ತದೆ. ಆ ಹುಡುಗಿಯನ್ನು 1992ಕ್ಕೆ ಸೇರಿಸಿ ನಿಮ್ಮ ಸೂತ್ರ ಹಾಕಿ ನೋಡಿ: 3 ಮತ್ತು 4 ಕೂಡಿ 7 ಬರುತ್ತದೆ. ಹೀಗೆ ಬಂದ 8ನ್ನು ಹಿಡಿದು ಬೇರೆಯವರ ಜೋಡಿ ನೋಡಲು ಹೊರಟರೆ ಮುಂದಿನವರಲ್ಲೇ ತಪ್ಪುತ್ತದೆ.

ಸದಸ್ಯರು, ಹುಬ್ಬಳ್ಳಿ:
8 ಎಂದರೆ ಶನಿ ಅಲ್ಲವೇ? ಆ ಅಜ್ಜಿ ಹೆದರಿರುವುದು ಅದಕ್ಕೇ ಇರಬೇಕು. ನನ್ನ ಮಗಳದೂ 8, ಎರಡು ಸಂಬಂಧ ತಪ್ಪಿಹೋದವು. ನಾನು ಜಪಾನಿ ನಿಘಂಟಿನಲ್ಲಿ ನೋಡಿದೆ, 8ರ ನಕ್ಷತ್ರದ ಜಪಾನಿ ಹೆಸರಿನ ಕೊನೆಯ ಎರಡು ಅಕ್ಷರಗಳಿಗೆ ಶನಿ ಗ್ರಹ ಎಂದೇ ಇದೆ.

ಉತ್ತರ:
ನಿಘಂಟು ಸುಳ್ಳು ಹೇಳಿಲ್ಲ ಅಣ್ಣ. ಜಪಾನಿಯಲ್ಲಿ ಶನಿ ಗ್ರಹವನ್ನು ಬರೆಯುವುದೇ ಮಣ್ಣು ಮತ್ತು ನಕ್ಷತ್ರ ಎಂಬ ಎರಡು ಅಕ್ಷರಗಳಲ್ಲಿ. ಕಿಗಾಕುವಿನ ಮಣ್ಣಿನ ನಕ್ಷತ್ರವನ್ನೂ ಹಾಗೆಯೇ ಬರೆಯುತ್ತಾರೆ. ಆದರೆ 2, 5, 8 ಮೂರೂ ಮಣ್ಣೇ, ಮೂರಕ್ಕೂ ಅದೇ ಬರಹ. ಶನಿ ಎಂದುಕೊಂಡರೆ ಮೂರು ಶನಿಗಳಾಗುತ್ತವೆ. ಆಕಾಶದ ಗ್ರಹಕ್ಕೂ ಈ ಎಣಿಕೆಗೂ ಸಂಬಂಧವಿಲ್ಲ, ಹುಟ್ಟಿದ ತಾರೀಖನ್ನು ಕೂಡಿ ಬರುವ 8ಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಮಗಳು 8 ಎಂಬುದು ಯಾವ ಲೆಕ್ಕದ 8 ಎಂದು ಮೊದಲು ತಿಳಿಸಿ. ದಯವಿಟ್ಟು ಅದನ್ನು ಮಗುವಿನ ತಲೆಗೆ ಕಟ್ಟಬೇಡಿ.

ಪ್ರಶ್ನೆ ಕೇಳಿದವರು:
ಮೇಡಂ, ಅಜ್ಜಿಗೆ ನಾನು ಏನು ಹೇಳಲಿ? ಮಾತು ಎತ್ತುತ್ತೇನೆ ಎಂದರೆ ಅವರು ಒಪ್ಪುವುದಿಲ್ಲ. ಪಂಚಾಂಗದ ಭಾಷೆಯಲ್ಲೇ ಏನಾದರೂ ಇದೆಯೇ?

ಉತ್ತರ:
ಇದೆ. ಅಜ್ಜಿ ನೋಡಿರುವುದು ವರ್ಷದ ನಕ್ಷತ್ರ ಮಾತ್ರ. ತಿಂಗಳ ನಕ್ಷತ್ರವನ್ನೂ ನೋಡಲು ಕೇಳಿ, ಅವರ ಪಂಚಾಂಗದಲ್ಲಿ ಅದರ ಪಟ್ಟಿ ಇದ್ದೇ ಇರುತ್ತದೆ. ವರ್ಷದ ಸಂಖ್ಯೆ 1, 4, 7 ಆಗಿದ್ದರೆ ಫೆಬ್ರವರಿ ತಿಂಗಳ ಸಂಖ್ಯೆ 8, ಅಲ್ಲಿಂದ ತಿಂಗಳಿಗೆ ಒಂದೊಂದು ಇಳಿಯುತ್ತದೆ, ಒಂದರ ನಂತರ ಮತ್ತೆ ಒಂಬತ್ತು. 2, 5, 8 ಆಗಿದ್ದರೆ ಫೆಬ್ರವರಿ ತಿಂಗಳ ಸಂಖ್ಯೆ 2. ತಿಂಗಳು ಬದಲಾಗುವುದೂ ಒಂದನೆಯ ತಾರೀಖಿಗಲ್ಲ, ಮೊದಲ ವಾರದ ಆಸುಪಾಸಿನಲ್ಲಿ. ಅಕ್ಟೋಬರಿನಲ್ಲಿ 8ನೆಯ ತಾರೀಖಿನ ಹೊತ್ತಿಗೆ. ನೀವು 15ರಂದು ಹುಟ್ಟಿದ್ದರಿಂದ ತಕರಾರಿಲ್ಲ. ಎಂಟು, ಏಳು ಎಂದು ಬೆರಳು ಮಡಚುತ್ತ ಬನ್ನಿ, ಅಕ್ಟೋಬರಿಗೆ 9 ಬರುತ್ತದೆ. ಅವರದು 8ರ ವರ್ಷದ ಕೊನೆಯ ತಿಂಗಳು. ಎರಡರಿಂದ ಇಳಿಯುತ್ತ ಬಂದರೆ ಜನವರಿಗೂ 9. ಇಬ್ಬರದೂ ಬೆಂಕಿ.

ಹೊರಗಿನ ಬದುಕಿಗೆ ವರ್ಷದ ಸಂಖ್ಯೆ, ಒಳಗಿನ ಸ್ವಭಾವಕ್ಕೆ ಮತ್ತು ಎಳೆಯ ಕಾಲಕ್ಕೆ ತಿಂಗಳ ಸಂಖ್ಯೆ ಎಂದು ನಾನು ಕಲಿತದ್ದು. ನಿಮ್ಮಿಬ್ಬರಿಗೂ ಒಂದೇ ವಿಷಯಕ್ಕೆ ಕೋಪ ಬರುತ್ತದೆ, ಒಂದೇ ವಿಷಯಕ್ಕೆ ಮನಸ್ಸು ಹೊತ್ತಿಕೊಳ್ಳುತ್ತದೆ. ನಿಮ್ಮ ತಿಂಗಳ ಬೆಂಕಿ ಅವರ ವರ್ಷದ ಮಣ್ಣಿಗೆ ಕೊಡುತ್ತದೆ, ಇದು ಅಜ್ಜಿಗೆ ಹಿಡಿಸುವ ಮಾತು. ಆದರೆ ನಿಮ್ಮ ವರ್ಷದ ನೀರು ಅವರ ತಿಂಗಳ ಬೆಂಕಿಯನ್ನು ನಂದಿಸುತ್ತದೆ, ಅದನ್ನು ಮುಚ್ಚಿಡಬೇಡಿ. ಅದುಮುವುದು ಅವರ ಕಡೆಯಿಂದ ಮಾತ್ರವಲ್ಲ ಎಂಬುದು ಆಗ ಅಜ್ಜಿಗೂ ಕಾಣುತ್ತದೆ. ವರ್ಷಕ್ಕೆ ಎಷ್ಟು ತೂಕ, ತಿಂಗಳಿಗೆ ಎಷ್ಟು ಎಂಬುದರಲ್ಲಿ ನೋಡುವವರೊಳಗೇ ಒಮ್ಮತವಿಲ್ಲ.

ಇನ್ನೊಂದು ಮಾತು. ಒಂಬತ್ತು ಸಂಖ್ಯೆಗಳನ್ನು ಒಂಬತ್ತರ ಎದುರು ಇಟ್ಟರೆ 81 ಜೋಡಿ. ಅದರಲ್ಲಿ 32 ಅದುಮುವ ಜೋಡಿಗಳು, 30 ಕೊಡುವ ಜೋಡಿಗಳು, 19 ಒಂದೇ ತತ್ತ್ವದವು. ಐದರಲ್ಲಿ ಎರಡು ಪಾಲು ಅದುಮುವವೇ. ಅದನ್ನು ಮದುವೆ ಮುರಿಯುವ ಲಕ್ಷಣವೆಂದು ಓದಿದರೆ ಜಪಾನಿನ ಅಷ್ಟು ಮನೆಗಳೂ ಮುರಿದಿರಬೇಕಿತ್ತು. ಮಣ್ಣಿಗೂ ನೀರಿಗೂ ನಡುವೆ ಲೋಹ ನಿಂತರೆ ಹರಿವು ಸರಿಹೋಗುತ್ತದೆ ಎಂಬ ಮಾತು ನಿಜ. ಅದರ ಹೆಸರಿನಲ್ಲಿ ಯಾರಾದರೂ ಲೋಹದ ಗಂಟೆ, ಗೊಂಬೆ ಮಾರಲು ಬಂದರೆ ಕೊಳ್ಳಬೇಡಿ.

ಸದಸ್ಯೆ, ಓಸಾಕಾ:
ನಡುವೆ ನುಗ್ಗುತ್ತಿದ್ದೇನೆ, ಕ್ಷಮಿಸಿ. ನನ್ನ ಗಂಡ ದಾವಣಗೆರೆಯಲ್ಲಿ 1984ರ ಫೆಬ್ರವರಿ 4ರಂದು ಹುಟ್ಟಿದ್ದು. ನನ್ನದು 1987ರ ಜೂನ್, ಅಂದರೆ 4. ಅವರದು ರಿಶ್ಶುನ್ ದಿನವೇ ಆದ್ದರಿಂದ 7 ಎಂದುಕೊಂಡಿದ್ದೇನೆ. ಸರಿಯೇ?

ಉತ್ತರ:
ಎಷ್ಟು ಗಂಟೆಗೆ ಹುಟ್ಟಿದ್ದು? ಆ ವರ್ಷ ಬಹಳ ಸೂಕ್ಷ್ಮ. 1984ರಲ್ಲಿ ಜಪಾನಿನಲ್ಲಿ ರಿಶ್ಶುನ್ ಬಂದದ್ದು ನಡುರಾತ್ರಿ ದಾಟಿ, ಫೆಬ್ರವರಿ 5ಕ್ಕೆ. 2021ರಲ್ಲಿ ಅದು 3ಕ್ಕೇ ಬಂತು, ಹೀಗೆ ಅತ್ತಿತ್ತ ಜಾರುತ್ತದೆ. ರಿಶ್ಶುನ್ ಎಂದರೆ ಸೂರ್ಯ ಆಕಾಶದ ಒಂದು ಬಿಂದುವಿಗೆ ಬರುವ ಕ್ಷಣ, ಅದು ಇಡೀ ಭೂಮಿಗೆ ಒಂದೇ. ಭಾರತದ ಗಡಿಯಾರದಲ್ಲಿ ಅದು 4ರ ರಾತ್ರಿ ಒಂಬತ್ತಕ್ಕೆ ಸ್ವಲ್ಪ ಮೊದಲು. ಅದಕ್ಕೆ ಮುಂಚೆ ಹುಟ್ಟಿದ್ದರೆ 1983ರ 8, ನಂತರವಾದರೆ 7. ನೀವು ಮರದವರು. ಅವರು 8 ಆದರೆ ನಿಮ್ಮ ಬೇರು ಅವರ ಮಣ್ಣನ್ನು ಹಿಡಿಯುತ್ತದೆ. 7 ಆದರೆ ಅವರ ಕೊಡಲಿ ನಿಮ್ಮನ್ನು ಕಡಿಯುತ್ತದೆ. ಎರಡೂ ಅದುಮುವ ಜೋಡಿಯೇ, ಆದರೆ ದಿಕ್ಕು ತಿರುಗುಮುರುಗು. ಜಪಾನಿನ ತಾರೀಖನ್ನೇ ಹಿಡಿಯಬೇಕು ಎನ್ನುವವರೂ ಇದ್ದಾರೆ, ನಾನು ಕ್ಷಣವನ್ನು ಹಿಡಿಯುತ್ತೇನೆ.

ಸದಸ್ಯೆ, ಓಸಾಕಾ:
ಈಗಷ್ಟೇ ಅತ್ತೆಗೆ ಫೋನ್ ಮಾಡಿದೆ. ದೇವರ ದೀಪ ಹಚ್ಚಿ ಬಹಳ ಹೊತ್ತಾಗಿತ್ತು, ಆದರೆ ಮನೆಯಲ್ಲಿ ಇನ್ನೂ ಯಾರೂ ಊಟ ಮಾಡಿರಲಿಲ್ಲ ಎನ್ನುತ್ತಾರೆ. ಮಾವ ಆ ಕಾಲದಲ್ಲಿ ಎಷ್ಟು ಗಂಟೆಗೆ ಊಟಕ್ಕೆ ಕೂರುತ್ತಿದ್ದರು ಎಂದು ಕೇಳಿದ್ದಕ್ಕೆ, ಜಾತಕ ಬರೆಸಿದ ಚೀಟಿ ಟ್ರಂಕಿನಲ್ಲಿರಬೇಕು, ನಾಳೆ ಹುಡುಕುತ್ತೇನೆ ಎಂದಿದ್ದಾರೆ.